ಯಾರೂ ತೊಡದ ಅಂಗಿ

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರಗಳ ಸಾಲು ಮುಗಿಯುವ ಕಡೆ ತಪಾಸಣೆಯ ಮೇಜು ಇರುತ್ತದೆ. ಅದರ ಪಕ್ಕದಲ್ಲೇ ಒಂದು ಅಂಗಿ ನೇತಾಡುತ್ತಿರುತ್ತದೆ. ಅದರ ಕಾಲರಿಗೆ ಬಿಚ್ಚಲಾಗದ ಪ್ಲಾಸ್ಟಿಕ್ ಸೀಲು, ಸೀಲಿನಲ್ಲಿ ಒಂದು ಕಾರ್ಡು, ಕಾರ್ಡಿನ ಮೇಲೆ ಸಹಿ ಮತ್ತು ತಾರೀಕು. ಆ ಅಂಗಿಯನ್ನು ಯಾರೂ ತೊಡುವುದಿಲ್ಲ, ಯಾರಿಗೂ ಮಾರುವುದಿಲ್ಲ. ಆದರೆ ಆ ಸಾಲಿನಿಂದ ಇಳಿಯುವ ಸಾವಿರಾರು ಅಂಗಿಗಳು ಅದರ ಹಾಗೇ ಇರಬೇಕು. ಕಾರ್ಖಾನೆಯವರು ಇದನ್ನು ಸೀಲ್ಡ್ ಸ್ಯಾಂಪಲ್ ಅನ್ನುತ್ತಾರೆ. ಇದರದ್ದೇ ಇನ್ನೊಂದು ಜೋಡಿ ಬಟ್ಟೆ ಕೊಳ್ಳುವವರ ಕಚೇರಿಯಲ್ಲಿರುತ್ತದೆ. ನಾಳೆ ಜಗಳ ಬಂದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ.

ಮಾದರಿ ಕಳಿಸುವುದು, ಒಪ್ಪಿಗೆ ಕೇಳುವುದು, ಆಮೇಲೆ ಕೆಲಸ ಶುರು ಮಾಡುವುದು. ಹೇಳಿದರೆ ಇಷ್ಟೇ. ಆದರೂ ಗಾರ್ಮೆಂಟ್ ಉದ್ಯಮದಲ್ಲಿ ದೊಡ್ಡ ನಷ್ಟಗಳು ಹುಟ್ಟುವುದು ಬಹಳ ಸಲ ಇಲ್ಲಿಯೇ. ಮಾದರಿ ಚೆನ್ನಾಗಿತ್ತು, ಒಪ್ಪಿಗೆಯೂ ಬಂದಿತ್ತು, ಆದರೆ ಒಪ್ಪಿಗೆ ಸಿಕ್ಕಿದ್ದು ಯಾವ ಮಾದರಿಗೆ ಎಂದು ಯಾರೂ ಕೇಳಿರಲಿಲ್ಲ ಎಂಬಲ್ಲಿಗೆ ಕಥೆ ಬಂದು ನಿಲ್ಲುತ್ತದೆ.

ಲೆಕ್ಕಕ್ಕೆ ಒಂದು ಆರ್ಡರ್ ಇಟ್ಟುಕೊಳ್ಳೋಣ. ಯುರೋಪಿನ ಅಂಗಡಿಯವರೊಬ್ಬರಿಗೆ 12,000 ಹತ್ತಿ ಅಂಗಿ ಬೇಕು. ಬಣ್ಣ ಕಡುನೀಲಿ, ಸೈಜು ನಾಲ್ಕು. ಒಂದು ಅಂಗಿಗೆ ಒಂದೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು ಬಟ್ಟೆ ಹಿಡಿದರೂ ಹತ್ತಿರ ಹತ್ತಿರ 20,000 ಮೀಟರ್ ಬಟ್ಟೆ ಕಾರ್ಖಾನೆಗೆ ಬಂದು ಬೀಳುತ್ತದೆ. ಅದನ್ನು ಉದ್ದನೆಯ ಮೇಜಿನ ಮೇಲೆ ಒಂದರ ಮೇಲೊಂದು ನೂರು ಪದರ ಹಾಸುತ್ತಾರೆ. ಮೇಲಿನ ಕಾಗದದಲ್ಲಿ ಆರು ಅಂಗಿಗಳ ಭಾಗಗಳನ್ನು ಗೀಚಿದ್ದರೆ, ಕತ್ತರಿಸುವ ಯಂತ್ರ ಒಮ್ಮೆ ಸುತ್ತು ಹೊಡೆಯುವಷ್ಟರಲ್ಲಿ 600 ಅಂಗಿಗಳ ಬಟ್ಟೆ ತುಂಡಾಗಿರುತ್ತದೆ. ಇಂಥ 20 ಹಾಸುಗಳಾದರೆ ಇಡೀ ಆರ್ಡರ್ ಮುಗಿಯಿತು. ಅಲ್ಲಿಯವರೆಗೆ ಬಟ್ಟೆ ಬಟ್ಟೆಯಾಗಿಯೇ ಇರುತ್ತದೆ; ಬಣ್ಣ ತಪ್ಪಿದ್ದರೆ ಮತ್ತೆ ಅದ್ದಬಹುದು, ಮಾರಬಹುದು, ಇನ್ನೊಂದು ಆರ್ಡರಿಗೆ ತಿರುಗಿಸಬಹುದು. ಕತ್ತರಿ ಬಿದ್ದ ಮೇಲೆ ಅದು ಆ ಒಂದೇ ಅಂಗಿಯ ತುಂಡು. ಅದಕ್ಕೇ ಕಟಿಂಗ್ ಮಾಸ್ತರರು ದಿನಕ್ಕೆ ಮೂರು ಸಲ ಮರ್ಚಂಡೈಸರ್ ಮೇಜಿನ ಹತ್ತಿರ ಬಂದು ಅದೇ ಪ್ರಶ್ನೆ ಕೇಳುತ್ತಾರೆ: "ಮೇಡಂ, ಕಟಿಂಗ್ ಶುರು ಮಾಡ್ಲಾ?" ಅನುಭವಿ ಮರ್ಚಂಡೈಸರ್ ಕೊಡುವ ಉತ್ತರವೂ ಪ್ರತಿಸಲ ಅದೇ: "ಮೇಲ್ ಬರ್ಲಿ ಸಾರ್."

ಆ ಮೇಲ್ ಬರುವ ಮೊದಲು ಒಂದೇ ಅಂಗಿಯನ್ನು ಹಲವು ಸಲ ಹೊಲಿದು ಕಳಿಸಲಾಗುತ್ತದೆ. ಮೊದಲನೆಯದು ಬರೀ ವಿನ್ಯಾಸ ನೋಡಲು. ಅದಕ್ಕೆ ಕೈಗೆ ಸಿಕ್ಕ ಬಟ್ಟೆ ಆದೀತು. ಮುಂದಿನದು ಮೈಗೆ ಹೇಗೆ ಕೂರುತ್ತದೆಂದು ನೋಡಲು, ಸಾಮಾನ್ಯವಾಗಿ ನಡುವಿನ ಸೈಜಿನಲ್ಲಿ. ಆಮೇಲೆ ಎಲ್ಲ ಸೈಜುಗಳದ್ದೂ ಒಂದೊಂದು. ಕೊನೆಯದು ಪಿ.ಪಿ. ಸ್ಯಾಂಪಲ್, ಅಂದರೆ ಉತ್ಪಾದನೆಗೆ ಮುಂಚಿನ ಮಾದರಿ. ಬಲ್ಕ್ ಕೆಲಸಕ್ಕೆ ಬಂದ ಬಟ್ಟೆಯೇ ಆಗಬೇಕು, ಅದೇ ಗುಂಡಿ, ಅದೇ ದಾರ, ಅದೇ ಲೇಬಲ್ಲು ಇರಬೇಕು. ಕತ್ತರಿ ಹಾಕಲು ಅನುಮತಿ ಕೊಡುವುದು ಈ ಕೊನೆಯ ಮಾದರಿಯೇ ಹೊರತು ಹಿಂದಿನ ಯಾವುದೂ ಅಲ್ಲ. ಮೊದಲ ಮಾದರಿ ನೋಡಿ ಬಯ್ಯರ್ "ಬಹಳ ಚೆನ್ನಾಗಿದೆ" ಎಂದು ಬರೆದದ್ದನ್ನೇ ಒಪ್ಪಿಗೆ ಎಂದುಕೊಂಡು ಹೊರಟವರು ಕಷ್ಟಕ್ಕೆ ಸಿಕ್ಕಿದ್ದಾರೆ. ಅಲ್ಲಿ ಚೆನ್ನಾಗಿದೆ ಎಂದದ್ದು ಜೇಬಿನ ಆಕಾರವನ್ನು, ಬಟ್ಟೆಯನ್ನಲ್ಲ.

ಬಣ್ಣದ ಮಾತು ಬೇರೆಯದೇ ದಾರಿಯಲ್ಲಿ ನಡೆಯುತ್ತದೆ. ಚಿಕ್ಕಪೇಟೆಯ ಅಂಗಡಿಯಲ್ಲಿ ಸೀರೆ ಆರಿಸುವ ಹೆಂಗಸರು ಸೆರಗಿನ ತುದಿ ಹಿಡಿದು ಬಾಗಿಲಾಚೆ ಬಿಸಿಲಿಗೆ ಬಂದು ನೋಡುವುದುಂಟು. ಒಳಗಿನ ದೀಪದಲ್ಲಿ ನೇರಳೆಯಾಗಿದ್ದದ್ದು ಹೊರಗೆ ನೀಲಿಯಾಗಿ ಕಂಡೀತೆಂಬ ಅನುಮಾನ. ಅವರ ಅನುಮಾನ ಶಾಸ್ತ್ರೀಯವಾಗಿ ಸರಿ. ಒಂದು ಬೆಳಕಿನಲ್ಲಿ ಒಂದೇ ಆಗಿ ಕಾಣುವ ಎರಡು ತುಂಡುಗಳು ಇನ್ನೊಂದು ಬೆಳಕಿನಲ್ಲಿ ಬೇರೆಬೇರೆಯಾಗಿ ಕಾಣಬಹುದು, ಏಕೆಂದರೆ ಎರಡರಲ್ಲೂ ಬಳಸಿದ ಬಣ್ಣದ ಪುಡಿಗಳು ಬೇರೆ. ಅವು ಬೆಳಕನ್ನು ಹೀರುವ ರೀತಿಯೂ ಬೇರೆ. ಬಣ್ಣಗಾರರು ಇದಕ್ಕೆ ಮೆಟಾಮೆರಿಸಂ ಅನ್ನುತ್ತಾರೆ. ಕಾರ್ಖಾನೆಯಲ್ಲಿ ಆ ಅಂಗಡಿ ಬಾಗಿಲಿನ ಕೆಲಸವನ್ನು ಲೈಟ್ ಬಾಕ್ಸ್ ಎಂಬ ಪೆಟ್ಟಿಗೆ ಮಾಡುತ್ತದೆ. ಒಂದು ಗುಂಡಿ ಒತ್ತಿದರೆ ಹಗಲಿನಂಥ ಬೆಳಕು, ಅದರ ಹೆಸರು ಡಿ65. ಇನ್ನೊಂದಕ್ಕೆ ಯುರೋಪಿನ ಅಂಗಡಿಗಳ ಟ್ಯೂಬ್‌ಲೈಟಿನ ಬೆಳಕು, ಟಿಎಲ್84. ಮತ್ತೊಂದಕ್ಕೆ ಮನೆಯ ಹಳದಿ ಬಲ್ಬಿನದು. ಮೂರರಲ್ಲೂ ಬಯ್ಯರ್ ಕೊಟ್ಟ ಮೂಲ ತುಂಡಿಗೆ ಹೊಂದಿದರೆ ಮಾತ್ರ ಮುಂದಿನ ಹೆಜ್ಜೆ.

ಬಣ್ಣ ಹಾಕುವ ಗಿರಣಿ ಮೊದಲು ಪ್ರಯೋಗಾಲಯದ ಚಿಕ್ಕ ಪಾತ್ರೆಯಲ್ಲಿ ಕೆಲವೇ ಗ್ರಾಂ ಬಟ್ಟೆಯನ್ನು ಅದ್ದಿ ತೆಗೆಯುತ್ತದೆ. ಅದೇ ಲ್ಯಾಬ್ ಡಿಪ್. ಸಾಮಾನ್ಯವಾಗಿ ಎ, ಬಿ, ಸಿ ಎಂದು ಮೂರು ತುಂಡು ಕಳಿಸುತ್ತಾರೆ, ಮೂರರ ಛಾಯೆಯೂ ಕೂದಲೆಳೆಯಷ್ಟು ಬೇರೆ. ಬಯ್ಯರ್ "ಬಿ ಒಪ್ಪಿಗೆ" ಎಂದು ಬರೆದು ಕಳಿಸುತ್ತಾರೆ. ಇಲ್ಲಿ ಹೊಸಬರು ಸೋಲುವುದು ಹೀಗೆ: ಲ್ಯಾಬ್ ಡಿಪ್ಪಿಗೆ ಒಪ್ಪಿಗೆ ಸಿಕ್ಕಿತೆಂದರೆ ಬಣ್ಣಕ್ಕೆ ಒಪ್ಪಿಗೆ ಸಿಕ್ಕಿತೆಂದು ತಿಳಿಯುತ್ತಾರೆ. ಅಂಗೈಯಗಲದ ತುಂಡಿನ ಪಾಕವನ್ನು ನೂರಾರು ಕಿಲೋ ಬಟ್ಟೆ ಹಿಡಿಸುವ ಯಂತ್ರಕ್ಕೆ ಏರಿಸಿದಾಗ ನೀರು, ಉಪ್ಪು, ಕಾವು, ಸಮಯ ಎಲ್ಲ ಸ್ವಲ್ಪ ಸ್ವಲ್ಪ ಬದಲಾಗುತ್ತವೆ. ಒಂದು ಅದ್ದಿಗೂ ಮುಂದಿನ ಅದ್ದಿಗೂ ಛಾಯೆ ಜಾರುತ್ತದೆ. ಮನೆಯಲ್ಲಿ ನಾಲ್ಕು ಜನಕ್ಕೆ ಹದವಾಗಿ ಬಂದ ಸಾರು ಮದುವೆಯ ಕೊಪ್ಪರಿಗೆಯಲ್ಲಿ ಅದೇ ಲೆಕ್ಕ ಹಿಡಿದರೂ ಹದ ತಪ್ಪುವ ಹಾಗೆ. ಅದಕ್ಕಾಗಿ ಬಲ್ಕ್ ಬಟ್ಟೆ ಬಂದ ಮೇಲೆ ಪ್ರತಿ ಅದ್ದಿನಿಂದಲೂ ತುಂಡು ಕತ್ತರಿಸಿ, ತಿಳಿಯದರಿಂದ ಗಾಢದವರೆಗೆ ಒಂದು ಹಾಳೆಯಲ್ಲಿ ಅಂಟಿಸಿ ಮತ್ತೊಮ್ಮೆ ಕಳಿಸಬೇಕು. ಇಷ್ಟು ತಿಳಿಯವರೆಗೆ ಆಗಬಹುದು, ಇಷ್ಟು ಗಾಢದವರೆಗೆ ಆಗಬಹುದು ಎಂದು ಬಯ್ಯರ್ ಆ ಹಾಳೆಯ ಮೇಲೇ ಗೆರೆ ಎಳೆದು ಸಹಿ ಮಾಡುತ್ತಾರೆ. ಇದೇ ಶೇಡ್ ಬ್ಯಾಂಡ್. ಆ ಗೆರೆಗಳಾಚೆ ಬಿದ್ದ ರೋಲುಗಳನ್ನು ಕತ್ತರಿಸುವ ಮೊದಲೇ ಪಕ್ಕಕ್ಕೆ ಸರಿಸಬಹುದು.

ಈ ಕೆಲಸವನ್ನು ಫೋಟೊದಲ್ಲಿ ಮುಗಿಸಲು ಆಗದು. ಫೋನಿನ ಪರದೆ ಒಂದೊಂದು ಒಂದೊಂದು ಬಣ್ಣ ತೋರಿಸುತ್ತದೆ. ಕೊರಿಯರ್ ಖರ್ಚು, ಮೂರು ನಾಲ್ಕು ದಿನದ ಕಾಯುವಿಕೆ ಎಷ್ಟೇ ಕಾಡಿದರೂ ಬಣ್ಣದ ವಿಷಯದಲ್ಲಿ ಬಟ್ಟೆಯ ತುಂಡೇ ಪ್ರಯಾಣ ಮಾಡಬೇಕು.

ಬಣ್ಣದ ತಪ್ಪು ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ ತಪ್ಪು ಇನ್ನೊಂದಿದೆ, ಬಟ್ಟೆ ಕುಗ್ಗುವುದು. ನಮ್ಮ ಲೆಕ್ಕದ ಆರ್ಡರಿನಲ್ಲಿ ಅಂಗಿಯ ಉದ್ದ ಒಗೆದ ಮೇಲೆ 72 ಸೆಂಟಿಮೀಟರ್ ಇರಬೇಕು. ಒಂದು ಸೆಂಟಿಮೀಟರ್ ಹೆಚ್ಚುಕಡಿಮೆ ಆದರೆ ಬಯ್ಯರ್ ಸಹಿಸುತ್ತಾರೆ. ಮಾದರಿಗೆಂದು ಗಿರಣಿಯಿಂದ ಮೊದಲು ತರಿಸಿದ ಸ್ವಲ್ಪ ಬಟ್ಟೆ ಒಗೆದಾಗ ಉದ್ದಕ್ಕೆ ನೂರಕ್ಕೆ ಒಂದೂವರೆ ಪಾಲು ಕುಗ್ಗಿತು ಎಂದುಕೊಳ್ಳಿ. ಪ್ಯಾಟರ್ನ್ ಮಾಸ್ತರರು ಅದನ್ನು ಸೇರಿಸಿ 73.1 ಸೆಂಟಿಮೀಟರಿಗೆ ಪ್ಯಾಟರ್ನ್ ಬಿಡಿಸಿದರು. ಹೊಲಿದು ಒಗೆದರೆ ಉದ್ದ ಸರಿಯಾಗಿ 72. ಮಾದರಿ ಹೋಯಿತು, ಒಪ್ಪಿಗೆ ಬಂತು, ಸೀಲೂ ಬಿತ್ತು.

ಆಮೇಲೆ 20,000 ಮೀಟರ್ ಬಂತು. ಗಿರಣಿಯಲ್ಲಿ ಬಟ್ಟೆಯನ್ನು ಒಣಗಿಸಿ ಅಗಲ ಸರಿಪಡಿಸುವಾಗ ಅದನ್ನು ಉದ್ದಕ್ಕೆ ಎಳೆದು ಹಿಡಿದಿರುತ್ತಾರೆ. ಎಳೆತ ಹೆಚ್ಚಾದಷ್ಟೂ ನೂಲು ಬಿಗಿದು ನಿಂತಿರುತ್ತದೆ. ನೀರು ಕುಡಿದ ಕೂಡಲೇ ಸಡಿಲಗೊಂಡು ತನ್ನ ಜಾಗಕ್ಕೆ ಮರಳುತ್ತದೆ. ಬಲ್ಕ್ ಬಟ್ಟೆಯಲ್ಲಿ ಎಳೆತ ಹೆಚ್ಚಿತ್ತು, ಕುಗ್ಗುವುದು ನೂರಕ್ಕೆ ನಾಲ್ಕು ಎಂದಿಟ್ಟುಕೊಳ್ಳಿ. ಅದೇ 73.1ರ ಪ್ಯಾಟರ್ನಿನಲ್ಲಿ ಕತ್ತರಿಸಿ ಹೊಲಿದ ಅಂಗಿ ಒಗೆದ ಮೇಲೆ 70.2 ಸೆಂಟಿಮೀಟರಿಗೆ ಬಂದು ನಿಲ್ಲುತ್ತದೆ. ಬೇಕಾದದ್ದು ಕನಿಷ್ಠ 71. ಹನ್ನೆರಡು ಸಾವಿರ ಅಂಗಿಯಲ್ಲಿ ಒಂದೂ ಅಳತೆಗೆ ಬರುವುದಿಲ್ಲ. ಉದ್ದವಾದದ್ದನ್ನು ಮಡಿಸಿ ಹೊಲಿಯಬಹುದು, ಗಿಡ್ಡವಾದದ್ದನ್ನು ಏನು ಮಾಡುವುದು? ಸಹಿ ಹಾಕಿದವರು ಮೋಸ ಮಾಡಿಲ್ಲ, ಹೊಲಿದವರೂ ತಪ್ಪಿಲ್ಲ. ಸೀಲು ಬಿದ್ದ ಅಂಗಿ ಒಂದು ಬಟ್ಟೆಯದು, ಆರ್ಡರ್ ಇನ್ನೊಂದು ಬಟ್ಟೆಯದು, ಅಷ್ಟೇ.

ಇದನ್ನು ತಿಳಿಯಲು ದೊಡ್ಡ ಯಂತ್ರ ಬೇಡ. ಬಂದ ಪ್ರತಿ ಲಾಟಿನ ರೋಲುಗಳಿಂದ ಅರ್ಧ ಮೀಟರ್ ಚೌಕ ಕತ್ತರಿಸಿ, ನಡುವೆ 35 ಸೆಂಟಿಮೀಟರಿಗೆ ಅಳಿಸದ ಮಸಿಯಲ್ಲಿ ಗುರುತು ಹಾಕಿ, ಅಂಗಿಯನ್ನು ಹೇಗೆ ಒಗೆಯುತ್ತಾರೋ ಹಾಗೇ ಒಗೆದು ಒಣಗಿಸಬೇಕು. ಆಮೇಲೆ ಅಳೆದರೆ ಗುರುತುಗಳ ನಡುವೆ 33.6 ಸೆಂಟಿಮೀಟರ್ ಉಳಿದಿದ್ದರೆ ಕುಗ್ಗಿದ್ದು ನೂರಕ್ಕೆ ನಾಲ್ಕು. ಆಗ ಪ್ಯಾಟರ್ನನ್ನು 75ಕ್ಕೆ ಏರಿಸಿ ಮತ್ತೊಂದು ಪಿ.ಪಿ. ಸ್ಯಾಂಪಲ್ ಮಾಡಿ ಕಳಿಸಬೇಕು. ರೋಲಿನಿಂದ ರೋಲಿಗೆ ಕುಗ್ಗುವುದು ಬೇರೆಯಾಗಿದ್ದರೆ ರೋಲುಗಳನ್ನೇ ಗುಂಪು ಮಾಡಿ ಗುಂಪಿಗೊಂದು ಪ್ಯಾಟರ್ನ್ ಇಡುತ್ತಾರೆ. ಇದಕ್ಕೆಲ್ಲ ಎರಡು ಮೂರು ದಿನ ಹೋಗುತ್ತದೆ. ಹಡಗಿನ ತಾರೀಕು ತಲೆಯ ಮೇಲಿದ್ದಾಗ ಆ ಎರಡು ಮೂರು ದಿನವನ್ನು ಉಳಿಸಲು ಹೊರಡುವುದೇ ಈ ವ್ಯವಹಾರದ ಅತ್ಯಂತ ದುಬಾರಿ ಉಳಿತಾಯ.

ಬಟ್ಟೆಯಷ್ಟೇ ಮುಖ್ಯವಾದದ್ದು ಮಾದರಿಯನ್ನು ಹೊಲಿಯುವ ಕೈ. ಸ್ಯಾಂಪಲ್ ರೂಮಿನ ಟೈಲರ್‌ಗಳು ಕಾರ್ಖಾನೆಯ ಅತ್ಯಂತ ನುರಿತ ಕೆಲಸಗಾರರು. ಇಡೀ ಅಂಗಿಯನ್ನು ಒಬ್ಬರೇ ಹೊಲಿಯಬಲ್ಲವರು. ಕಾಲರ್ ಜೋಡಿಸುವಾಗ ಬಟ್ಟೆ ಒಂದಿಷ್ಟು ಸುಕ್ಕು ಬಿದ್ದರೆ ಬೆರಳಲ್ಲೇ ಸರಿಪಡಿಸಿಕೊಂಡು ಮುಂದೆ ಹೋಗುತ್ತಾರೆ. ಅವರ ಕೈಯಲ್ಲಿ ಪ್ಯಾಟರ್ನಿನ ಸಣ್ಣ ತಪ್ಪುಗಳು ಮಾಯವಾಗುತ್ತವೆ, ಮಾಯವಾಗುವುದೇ ತೊಂದರೆ. ಹೊಲಿಗೆ ಸಾಲಿನಲ್ಲಿ ಅದೇ ಅಂಗಿ ಹತ್ತಾರು ಕೈ ದಾಟುತ್ತದೆ. ಒಬ್ಬಾಕೆ ಬೆಳಗಿನಿಂದ ಸಂಜೆಯವರೆಗೆ ಕಾಲರ್ ಮಾತ್ರ ಜೋಡಿಸುತ್ತಾಳೆ, ಗಂಟೆಗೆ ಇಷ್ಟೆಂದು ಲೆಕ್ಕವಿರುತ್ತದೆ, ಪ್ರತಿ ತುಂಡನ್ನೂ ಬೆರಳಲ್ಲಿ ಸವರಿ ಕೂರಿಸಲು ಆಕೆಗೆ ಪುರುಸೊತ್ತಿಲ್ಲ. ಸ್ಯಾಂಪಲ್ ರೂಮಿನಲ್ಲಿ ಮುದ್ದಾಗಿದ್ದ ಕಾಲರ್ ಸಾಲಿನಲ್ಲಿ ಸುಕ್ಕಾಗಿ ಬರುತ್ತದೆ. ಬೈಗುಳ ಬೀಳುವುದು ಆ ಹೆಣ್ಣುಮಗಳಿಗೆ. ಇದು ಅನ್ಯಾಯ. ತಪ್ಪು ಇದ್ದದ್ದು ಪ್ಯಾಟರ್ನಿನಲ್ಲಿ, ಅದನ್ನು ಮುಚ್ಚಿಟ್ಟದ್ದು ಮಾದರಿ. ಆದ್ದರಿಂದ ಪಿ.ಪಿ. ಸ್ಯಾಂಪಲನ್ನು ಆ ಆರ್ಡರ್ ನಡೆಯಲಿರುವ ಸಾಲಿನಲ್ಲೇ, ಅಲ್ಲಿನ ಯಂತ್ರಗಳಲ್ಲೇ, ಅಲ್ಲಿನವರೇ ಹೊಲಿಯಬೇಕೆಂದು ತಿಳಿದ ಕಾರ್ಖಾನೆಗಳು ಪಟ್ಟು ಹಿಡಿಯುತ್ತವೆ. ಸ್ವಲ್ಪ ಒಡ್ಡಾದ ಆದರೆ ನಿಜವಾದ ಮಾದರಿಗೆ ಬಯ್ಯರ್ ಸಹಿ ಮಾಡಿದರೆ, ಅಂಥದ್ದೇ ಹನ್ನೆರಡು ಸಾವಿರ ಕೊಡುವುದು ಕಾರ್ಖಾನೆಗೆ ಸಾಧ್ಯವಿದೆ. ಅದ್ಭುತ ಮಾದರಿಗೆ ಸಹಿ ಮಾಡಿಸಿಕೊಂಡರೆ ಸಾಧ್ಯವಿಲ್ಲ.

ಇನ್ನು ಒಪ್ಪಿಗೆ ಪತ್ರ. ಬರೀ "ಓಕೆ, ಮುಂದುವರಿಯಿರಿ" ಎಂಬ ಒಂದು ಸಾಲು ಬಂದರೆ ಅನುಭವಿ ಮರ್ಚಂಡೈಸರ್ ಖುಷಿಪಡುವುದಿಲ್ಲ. ಯಾವ ಸ್ಟೈಲ್ ನಂಬರಿನ, ಯಾವ ತಾರೀಕಿನಂದು ಕಳಿಸಿದ, ಯಾವ ಬಟ್ಟೆ ಲಾಟಿನ, ಯಾವ ಸೀಲ್ ನಂಬರಿನ ಮಾದರಿ ಎಂದು ತಾನೇ ಬರೆದು, ಅಳತೆಯ ಪಟ್ಟಿ ಲಗತ್ತಿಸಿ, ಅದರ ಮೇಲೆ ಒಪ್ಪಿಗೆ ಕೇಳುತ್ತಾಳೆ. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನವರು ಪ್ರೂಫ್ ತೋರಿಸಿ, ಅದೇ ಹಾಳೆಯ ಮೂಲೆಯಲ್ಲಿ ಹುಡುಗಿಯ ತಂದೆಯ ಸಹಿ ಹಾಕಿಸಿಕೊಳ್ಳುವುದು ಇದೇ ಕಾರಣಕ್ಕೆ. ಬೇರೆ ಚೀಟಿಯಲ್ಲಿ ಬರೆದ ಒಪ್ಪಿಗೆ ಯಾವ ಪ್ರೂಫಿಗೆ ಎಂದು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಒಪ್ಪಿಗೆಗಳಲ್ಲಿ ಹೆಚ್ಚು ತಲೆನೋವು ತರುವುದು "ಒಪ್ಪಿದ್ದೇವೆ, ಆದರೆ" ಎಂದು ಶುರುವಾಗುವ ಪತ್ರ. ಕಾಲರಿನ ತುದಿ 7 ಸೆಂಟಿಮೀಟರ್ ಇದೆ, 6.5 ಮಾಡಿಕೊಂಡು ಬಲ್ಕ್ ಶುರುಮಾಡಿ ಎಂದು ಬಯ್ಯರ್ ಬರೆಯುತ್ತಾರೆ. ಕಾರ್ಖಾನೆ ಹಾಗೇ ಮಾಡುತ್ತದೆ. ಆದರೆ ಸೀಲು ಹೊತ್ತು ನೇತಾಡುತ್ತಿರುವ ಅಂಗಿಯ ಕಾಲರ್ ಇನ್ನೂ 7. ಎರಡು ತಿಂಗಳ ಮೇಲೆ ಮಾಲು ತಪಾಸಣೆಗೆ ಬಂದ ಹೊಸ ಇನ್‌ಸ್ಪೆಕ್ಟರ್ ಕೈಯಲ್ಲಿರುವುದು ಆ ಅಂಗಿ, ಪತ್ರವಲ್ಲ. ಪತ್ರ ಬರೆದ ವಿನ್ಯಾಸಗಾರ್ತಿ ಅಷ್ಟರಲ್ಲಿ ಕೆಲಸ ಬದಲಾಯಿಸಿರಬಹುದು. ಹನ್ನೆರಡು ಸಾವಿರ ಕಾಲರ್ ತಪ್ಪು ಎಂದು ವರದಿ ಹೋಗುತ್ತದೆ. ಬದಲಾವಣೆ ಚಿಕ್ಕದಾದರೆ ಅದನ್ನು ಸೀಲಿನ ಕಾರ್ಡಿನ ಮೇಲೇ ತಾರೀಕಿನೊಡನೆ ಬರೆಸಿ ಇಬ್ಬರೂ ಸಹಿ ಮಾಡಬೇಕು. ದೊಡ್ಡದಾದರೆ ಹಳೆಯ ಸೀಲು ಒಡೆದು ಹೊಸ ಮಾದರಿ ಮಾಡಬೇಕು. ಒಪ್ಪಿಗೆಯ ಮಾತೂ ಒಪ್ಪಿದ ಅಂಗಿಯೂ ಎರಡು ದಾರಿ ಹಿಡಿಯಬಾರದು.

ಪತ್ರ ಎಂದರೆ ಕಾಗದವೇ ಆಗಬೇಕೆಂದಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಎಲೆಕ್ಟ್ರಾನಿಕ್ ದಾಖಲೆಯನ್ನು ಬರಹವೆಂದು ಒಪ್ಪುತ್ತದೆ. ಬಾಕ್ಸೈಟ್ ಪೂರೈಕೆಗೆ ಸಂಬಂಧಿಸಿದ ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯೂಮಿನಿಯಂ ಪ್ರಕರಣದಲ್ಲಿ, ಸಹಿ ಹಾಕಿದ ಔಪಚಾರಿಕ ಕರಾರು ಇಲ್ಲದಿದ್ದರೂ ಇಮೇಲ್‌ಗಳ ಮೂಲಕವೇ ಒಪ್ಪಂದ ಕೂಡಿತ್ತೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಆದರೆ ಸುಮ್ಮನಿರುವುದು ಸಮ್ಮತಿ ಎಂಬ ನಮ್ಮ ಮನೆಮಾತು ವ್ಯಾಪಾರದಲ್ಲಿ ನಡೆಯುವುದಿಲ್ಲ. "ಏಳು ದಿನದಲ್ಲಿ ಉತ್ತರ ಬಾರದಿದ್ದರೆ ಒಪ್ಪಿಗೆಯೆಂದು ತಿಳಿಯುತ್ತೇವೆ" ಎಂದು ಮಾರುವವರು ತಾವೇ ಬರೆದುಕೊಂಡರೆ ಅದು ಬಯ್ಯರನ್ನು ಕಟ್ಟಿಹಾಕುವುದಿಲ್ಲ. ಆ ಷರತ್ತನ್ನು ಆರ್ಡರಿನಲ್ಲೇ ಇಬ್ಬರೂ ಮೊದಲೇ ಒಪ್ಪಿರಬೇಕು. ಒಪ್ಪಿಗೆ ತಡವಾದಷ್ಟು ದಿನ ಮಾಲು ಕಳಿಸುವ ತಾರೀಕೂ ಮುಂದಕ್ಕೆ ಹೋಗುತ್ತದೆ ಎಂಬ ಸಾಲನ್ನೂ ಅಲ್ಲಿಯೇ ಸೇರಿಸಿಕೊಂಡರೆ, ಬಯ್ಯರ್ ಮೇಜಿನ ಮೇಲೆ ಹತ್ತು ದಿನ ಮಲಗಿದ ಮಾದರಿಗೆ ಕಾರ್ಖಾನೆ ವಿಮಾನದ ಬಾಡಿಗೆ ತೆರಬೇಕಾಗುವುದಿಲ್ಲ.

ಮಾದರಿ ತೋರಿಸಿ ಮಾರುವುದಕ್ಕೆಂದೇ ಭಾರತದ ಕಾನೂನಿನಲ್ಲಿ ಒಂದು ಸೆಕ್ಷನ್ ಇದೆ, 1930ರ ಸರಕು ಮಾರಾಟ ಕಾಯ್ದೆಯ 17ನೆಯದು. ಕಳಿಸುವ ಮಾಲು ಗುಣದಲ್ಲಿ ಮಾದರಿಗೆ ಸಮನಾಗಿರಬೇಕು, ಎರಡನ್ನೂ ಹೋಲಿಸಿ ನೋಡಲು ಕೊಳ್ಳುವವರಿಗೆ ಅವಕಾಶ ಸಿಗಬೇಕು ಎಂದು ಅದು ಹೇಳುತ್ತದೆ. ಮೂರನೆಯ ಮಾತು ಇನ್ನೂ ಮುಖ್ಯವಾದದ್ದು: ಮಾದರಿಯನ್ನು ಸಾಮಾನ್ಯವಾಗಿ ಪರೀಕ್ಷಿಸಿದಾಗ ಕಾಣದಂಥ, ಮಾಲನ್ನು ಮಾರಲು ಬಾರದಂತೆ ಮಾಡುವ ದೋಷ ಅದರಲ್ಲಿ ಇರಬಾರದು.

ಈ ಮೂರನೆಯ ಮಾತಿನ ಹಿಂದೆ ಬಟ್ಟೆಯದ್ದೇ ಕಥೆ ಇದೆ. ಇಂಗ್ಲೆಂಡಿನ ಬಟ್ಟೆ ತಯಾರಕರಾದ ಡ್ರಮಂಡ್ ಅವರಿಗೆ ವ್ಯಾನ್ ಇಂಗನ್ ಎಂಬ ವ್ಯಾಪಾರಿಗಳು ಕೋಟಿನ ಉಣ್ಣೆ ಬಟ್ಟೆ ಬೇಕೆಂದು ಆರ್ಡರ್ ಕೊಟ್ಟರು. ಗುಣ ಮತ್ತು ತೂಕ ಮೊದಲು ಕೊಟ್ಟ ಮಾದರಿಗೆ ಸಮನಾಗಿರಬೇಕೆಂದು ಮಾತಾಗಿತ್ತು. ಬಂದ ಬಟ್ಟೆ ಮಾದರಿಯಂತೆಯೇ ಇತ್ತು. ಆದರೆ ಹಾಸು ಹೊಕ್ಕು ಎಳೆಗಳು ಒಂದಕ್ಕೊಂದು ಗಟ್ಟಿಯಾಗಿ ಹಿಡಿದುಕೊಳ್ಳದೆ ಜಾರುತ್ತಿದ್ದವು, ಕೋಟು ಹೊಲಿದರೆ ಬಾಳುತ್ತಿರಲಿಲ್ಲ. ಮಾದರಿಯಲ್ಲೂ ಅದೇ ದೋಷವಿತ್ತು, ವಾಡಿಕೆಯಂತೆ ನೋಡಿದಾಗ ಕಂಡಿರಲಿಲ್ಲ. ನೀವು ಒಪ್ಪಿದ್ದನ್ನೇ ಕೊಟ್ಟಿದ್ದೇವೆ ಎಂಬ ತಯಾರಕರ ವಾದವನ್ನು ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1887ರಲ್ಲಿ ತಳ್ಳಿಹಾಕಿತು. ಬಟ್ಟೆ ಕೋಟಿಗೆಂದು ಹೋಗುತ್ತದೆ ಎಂದು ತಯಾರಕರಿಗೆ ಗೊತ್ತಿತ್ತು, ಆದ್ದರಿಂದ ಅದು ಕೋಟಿಗೆ ಬರುವಂತಿರಬೇಕಿತ್ತು ಎಂಬುದು ತೀರ್ಪಿನ ತಿರುಳು. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಒಗೆದಾಗ ಬಣ್ಣ ಬಿಡುವ ಬಟ್ಟೆಯ ಮಾದರಿಗೆ ಸಹಿ ಬಿದ್ದ ಮಾತ್ರಕ್ಕೆ ಕಾರ್ಖಾನೆ ತಪ್ಪಿಸಿಕೊಳ್ಳಲಾಗದು. ತನಗೆ ಗೊತ್ತಿರುವ ಮಿತಿಯನ್ನು ಅದು ಮಾದರಿಯ ಜೊತೆಗೇ ಬರೆದು ತಿಳಿಸಬೇಕು.

ಇದೆಲ್ಲ ರಫ್ತಿನ ದೊಡ್ಡ ಕಾರ್ಖಾನೆಗಳ ಮಾತೆಂದು ಚಿಕ್ಕ ಹೊಲಿಗೆ ಘಟಕದವರು ಬಿಟ್ಟುಬಿಡಬಾರದು. ಜೂನ್‌ಗೆ ಮುಂಚೆ ಶಾಲೆಯ ಸಮವಸ್ತ್ರಕ್ಕೆ 300 ಜೊತೆ ಒಪ್ಪಿಕೊಳ್ಳುವ ತಾಲ್ಲೂಕು ಊರಿನ ಟೈಲರ್‌ಗೂ ತಪ್ಪುವುದು ಇಲ್ಲಿಯೇ. ಬಟ್ಟೆ ಪೂರ್ತಿ ಬಂದ ಮೇಲೆ ಅದರಿಂದ ಒಂದು ತುಂಡು ಒಗೆದು ಅಳೆಯಿರಿ. ಅದೇ ಬಟ್ಟೆಯಲ್ಲಿ ಎರಡು ಜೊತೆ ಹೊಲಿಯಿರಿ. ಮುಖ್ಯೋಪಾಧ್ಯಾಯರಿಗೆ ಹಗಲು ಬೆಳಕಿನಲ್ಲಿ ತೋರಿಸಿ, ಎರಡಕ್ಕೂ ಒಂದೊಂದು ರಟ್ಟು ಕಟ್ಟಿ, ಬಣ್ಣ, ಅಳತೆ, ಗುಂಡಿ, ತಾರೀಕು ಬರೆದು ಅವರ ಸಹಿ ತೆಗೆದುಕೊಳ್ಳಿ. ಒಂದು ಜೊತೆ ಶಾಲೆಯಲ್ಲಿ ಉಳಿಯಲಿ, ಇನ್ನೊಂದು ನಿಮ್ಮ ಯಂತ್ರದ ಪಕ್ಕದ ಮೊಳೆಗೆ ತೂಗಲಿ. ಕತ್ತರಿ ಆಮೇಲೆ ಹಿಡಿಯಿರಿ.